ತಡಿ ಅಂದರೆ ಎಷ್ಟು ಹೊತ್ತು?

ಬಾದನಹಟ್ಟಿ ಎಂಬ ಹಳ್ಳಿ ಇದ್ದಲ್ಲೇ ಇದೆ. ಓಡಾಡಿದ್ದೆಲ್ಲ ಅದರ ವಿಳಾಸ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದಿದಾಗ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕುರುಗೋಡಿನ ಹೆಸರಿತ್ತು. ಅಲ್ಲಿಯವರೆಗೆ ಬಳ್ಳಾರಿ ತಾಲ್ಲೂಕಿನಲ್ಲಿದ್ದ ಹಳ್ಳಿ ಕುರುಗೋಡಿನ ಲೆಕ್ಕಕ್ಕೆ ಸೇರಿತು. 2021ರಲ್ಲಿ ಹೊಸಪೇಟೆಯ ಕಡೆಯ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ ಬೇರೆಯಾದವು. ಬಳ್ಳಾರಿ ಜಿಲ್ಲೆಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಕಂಪ್ಲಿ, ಸಂಡೂರು, ಸಿರುಗುಪ್ಪ ಎಂಬ ಐದೇ ತಾಲ್ಲೂಕು.

ಸರ್ಕಾರ ಒಂದು ಅಧಿಸೂಚನೆಯಲ್ಲಿ ಮುಗಿಸುವ ಈ ಕೆಲಸವನ್ನು ವಿಕಿಪೀಡಿಯ, ವಿಕಿಡೇಟಾಗಳಂಥ ಕಡೆ ಹಳ್ಳಿಗೊಂದು ಪುಟದಂತೆ ಮಾಡಬೇಕು. 2011ರ ಜನಗಣತಿಯ ಆಧಾರದ ಮೇಲೆ ಬರೆದ ಪುಟ ಹಳೆಯ ತಾಲ್ಲೂಕನ್ನೇ ಹೇಳುತ್ತದೆ. ಅದನ್ನು ತೆರೆದು, ತಾಲ್ಲೂಕಿನ ಹೆಸರು ಬದಲಿಸಿ, ವರ್ಗ ತಿದ್ದಿ, ಉಳಿಸಬೇಕು. ಹತ್ತು ಹಳ್ಳಿಯಾದರೆ ಒಂದು ಸಂಜೆಯ ಕೆಲಸ. ಲೆಕ್ಕಕ್ಕೆ ಆರು ನೂರು ಪುಟ ಎಂದಿಟ್ಟುಕೊಂಡರೆ ಯಾರೇ ಆಗಲಿ ಒಂದು ಸ್ಕ್ರಿಪ್ಟ್ ಬರೆಯುತ್ತಾರೆ. ಪಟ್ಟಿಯಿಂದ ಹೆಸರು ತೆಗೆದುಕೊಳ್ಳುವುದು, ಪುಟ ತಿದ್ದುವುದು, ಪ್ರಕಟಿಸುವುದು, ಮುಂದಿನ ಹೆಸರಿಗೆ ಹೋಗುವುದು. ಇಪ್ಪತ್ತು ಸಾಲಿನ ಪೈಥಾನ್ ಸಾಕು.

ಹೊಸ ಖಾತೆಯಿಂದ ಆ ಸ್ಕ್ರಿಪ್ಟ್ ಓಡಿಸಿದವರಿಗೆ ಆಗುವ ಅನುಭವ ಬಹುಮಟ್ಟಿಗೆ ಒಂದೇ. ಎಂಟು ಪುಟ ಸರಾಗವಾಗಿ ಹೋಗುತ್ತವೆ. ಒಂಬತ್ತನೆಯದಕ್ಕೆ ಸರ್ವರ್ ಹೀಗೆ ಉತ್ತರಿಸುತ್ತದೆ:

```json
{"error": {"code": "ratelimited",
  "info": "You've exceeded your rate limit. Please wait some time and try again."}}
```

‘ಸ್ವಲ್ಪ ಹೊತ್ತು ತಡೆದು ಮತ್ತೆ ಬಾ’ ಎಂದಷ್ಟೇ ಇದರ ತಾತ್ಪರ್ಯ. ಎಷ್ಟು ಹೊತ್ತು ಎಂದು ಇಲ್ಲಿಲ್ಲ. ಸ್ಕ್ರಿಪ್ಟ್ ಬರೆದವರ ತಾಳ್ಮೆ ಕೆಡುವುದು ಇಲ್ಲಿಯೇ. ಅವಸರದವರು ಸಿಕ್ಕ ಉತ್ತರವನ್ನು ಓದದೆ ಮರುಕ್ಷಣವೇ ಮತ್ತೆ ಕೇಳುವಂತೆ ಒಂದು ಲೂಪ್ ಸೇರಿಸುತ್ತಾರೆ. ಆಮೇಲೆ ಸ್ಕ್ರಿಪ್ಟ್ ಒಂದೇ ಬಾಗಿಲನ್ನು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತಾ ಕೂರುತ್ತದೆ. ಇನ್ನೊಂದು ಬಗೆಯ ತಪ್ಪು ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ಮೀಡಿಯಾವಿಕಿ ಎಪಿಐ ಇಂಥ ನಿರಾಕರಣೆಯನ್ನು ಬಹುಕಾಲದಿಂದ ಎಚ್‌ಟಿಟಿಪಿಯ 200 ಸಂಕೇತದ ಜೊತೆಗೇ ಕಳಿಸುತ್ತಾ ಬಂದಿದೆ. ಲಕೋಟೆಯ ಮೇಲೆ ‘ಎಲ್ಲ ಸರಿ’, ಒಳಗಿನ ಕಾಗದದಲ್ಲಿ ‘ಆಗಲಿಲ್ಲ’. ಲಕೋಟೆ ಮಾತ್ರ ನೋಡುವ ಸ್ಕ್ರಿಪ್ಟ್ ಆರು ನೂರಕ್ಕೆ ಆರು ನೂರೂ ಆಯಿತೆಂದು ವರದಿ ಕೊಟ್ಟು ಮುಗಿಸುತ್ತದೆ. ಊರಿನ ಪುಟ ತೆರೆದರೆ ಹಳೆಯ ತಾಲ್ಲೂಕೇ ಇರುತ್ತದೆ.

ಈ ಎಂಟರ ಲೆಕ್ಕ ಎಲ್ಲಿಂದ ಬಂತು? ಮೀಡಿಯಾವಿಕಿಯ ಮೂಲ ಸಂಯೋಜನೆಯಲ್ಲಿ `$wgRateLimits` ಎಂಬ ಪಟ್ಟಿಯಿದೆ. ಲಾಗಿನ್ ಆಗದವರಿಗೂ ಹೊಸ ಖಾತೆಯವರಿಗೂ ನಿಮಿಷಕ್ಕೆ ಎಂಟು ಸಂಪಾದನೆ. ಪಳಗಿದ ಖಾತೆಗೆ ತೊಂಬತ್ತು. ಪುಟದ ಹೆಸರು ಬದಲಿಸುವುದಾದರೆ ಇನ್ನೂ ಬಿಗಿ: ಹೊಸಬರಿಗೆ ಎರಡು ನಿಮಿಷಕ್ಕೆ ಎರಡು, ಹಳಬರಿಗೆ ನಿಮಿಷಕ್ಕೆ ಎಂಟು. ಬಾಟ್ ಎಂದು ಒಪ್ಪಿಗೆ ಪಡೆದ ಖಾತೆಗೆ `noratelimit` ಎಂಬ ಹಕ್ಕು ಸಿಗುವುದರಿಂದ ಈ ಎಣಿಕೆಯೇ ಇಲ್ಲ. ತನ್ನ ಖಾತೆಗೆ ಯಾವ ಮಿತಿ ಅನ್ವಯಿಸುತ್ತದೆ ಎಂದು ಊಹಿಸುವ ಅಗತ್ಯವೂ ಇಲ್ಲ. ಎಪಿಐಯನ್ನೇ ಕೇಳಬಹುದು:

```
action=query&meta=userinfo&uiprop=ratelimits
```

ಈ ಒಂದು ಸಾಲನ್ನು ಸ್ಕ್ರಿಪ್ಟ್ ಶುರುವಾಗುವ ಮುಂಚೆ ಓಡಿಸಿದರೆ ಅರ್ಧ ರಗಳೆ ತಪ್ಪುತ್ತದೆ. ಆದರೂ ಬಹಳ ಮಂದಿ ಇದನ್ನು ನೋಡುವುದು ತಡೆ ಬಿದ್ದ ಮೇಲೆ.

ಇಲ್ಲೊಂದು ಸಣ್ಣ ಗುಣಾಕಾರ ಮಾಡಿ ನೋಡಬಹುದು. ವಿಕಿಮೀಡಿಯದ ಕೆಲಸಗಳಿಗೆ ಹೆಚ್ಚಾಗಿ ಬಳಸುವ ಪೈವಿಕಿಬಾಟ್ ಎಂಬ ಸಲಕರಣೆ ತಾನಾಗಿಯೇ ಎರಡು ಬರವಣಿಗೆಗಳ ನಡುವೆ ಹತ್ತು ಸೆಕೆಂಡು ಬಿಡುತ್ತದೆ. ಸಂಯೋಜನೆಯ ಕಡತದಲ್ಲಿ ಅದರ ಹೆಸರು `put_throttle`. ಹತ್ತು ಸೆಕೆಂಡಿಗೆ ಒಂದು ಎಂದರೆ ನಿಮಿಷಕ್ಕೆ ಆರು. ಹೊಸಬರ ಎಂಟಕ್ಕಿಂತಲೂ ಕಡಿಮೆ. ಆರು ನೂರು ಪುಟಕ್ಕೆ ಆರು ಸಾವಿರ ಸೆಕೆಂಡು, ಅಂದರೆ ಒಂದು ಗಂಟೆ ನಲವತ್ತು ನಿಮಿಷ. ಊಟ ಮುಗಿಸಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಕೆಲಸ ಆಗಿರುತ್ತದೆ. ತಡೆ ಬಿದ್ದ ಮೇಲೆ ಹಿಂದೆ ಸರಿಯುವ ಉಪಾಯಗಳ ಬಗ್ಗೆ ಪುಟಗಟ್ಟಲೆ ಬರೆಯಲಾಗಿದೆ. ಒಂದೇ ಹದದಲ್ಲಿ ನಡೆದರೆ ತಡೆಯೇ ಬೀಳುವುದಿಲ್ಲ ಎಂಬ ಸರಳ ಮಾತು ಅವುಗಳಲ್ಲಿ ಕೊನೆಗೆಲ್ಲೋ ಬರುತ್ತದೆ.

ಈ ಲೆಕ್ಕದಿಂದ ಇನ್ನೊಂದು ಉಪಕಾರವಿದೆ. ಹತ್ತು ಸೆಕೆಂಡಿನ ಹದದಲ್ಲಿ ಓಡುತ್ತಿರುವ ಸ್ಕ್ರಿಪ್ಟಿಗೂ `ratelimited` ಬಂತೆಂದರೆ ಕಾರಣ ಬೇರೆಲ್ಲೋ ಇದೆ ಎಂದು ತಿಳಿಯಬೇಕು. ಅದೇ ಖಾತೆಯಲ್ಲಿ ಇನ್ನೊಂದು ಕಿಟಕಿಯಿಂದ ಮತ್ತೊಂದು ಸ್ಕ್ರಿಪ್ಟ್ ಓಡುತ್ತಿರಬಹುದು. ಅಥವಾ ಲಾಗಿನ್ ಅವಧಿ ಮುಗಿದು, ಸ್ಕ್ರಿಪ್ಟ್ ತನಗೇ ಗೊತ್ತಿಲ್ಲದೆ ಖಾತೆಯಿಲ್ಲದವರ ಸಾಲಿಗೆ ಬಿದ್ದು, ಅದೇ ಐಪಿ ವಿಳಾಸದ ಬೇರೆಯವರ ಜೊತೆ ಆ ಎಂಟನ್ನು ಹಂಚಿಕೊಳ್ಳುತ್ತಿರಬಹುದು. ಪಳಗಿದ ಖಾತೆಯಿಂದ ಎರಡು ಸೆಕೆಂಡಿಗೊಂದರಂತೆ ನೆಮ್ಮದಿಯಾಗಿ ಹೋಗುತ್ತಿದ್ದ ಕೆಲಸಕ್ಕೆ ಇದ್ದಕ್ಕಿದ್ದಂತೆ ಎಂಟಕ್ಕೆ ತಡೆ ಬೀಳತೊಡಗಿದರೆ ಈ ಎರಡನೆಯದನ್ನೇ ಶಂಕಿಸುವುದು ಸರಿ. ಪುಟದ ಇತಿಹಾಸ ತೆರೆದರೆ ಬಳಕೆದಾರರ ಹೆಸರಿರಬೇಕಾದ ಕಡೆ ಬೇರೇನೋ ಇರುತ್ತದೆ. ಕಾಯುವುದು ಇದಕ್ಕೆ ಮದ್ದಲ್ಲ. ಪ್ರತಿ ಕೋರಿಕೆಯ ಜೊತೆ `assert=user` ಎಂದು ಸೇರಿಸಿದರೆ, ಲಾಗಿನ್ ಕಳಚಿದ ಕ್ಷಣವೇ ಸರ್ವರ್ ಬರವಣಿಗೆಯನ್ನು ತಿರಸ್ಕರಿಸಿ ಹೇಳುತ್ತದೆ. ಆಗ ನಿಂತು ಮತ್ತೆ ಲಾಗಿನ್ ಆಗಬೇಕು.

ನಿರಾಕರಣೆಯಲ್ಲಿ ಇನ್ನೊಂದು ಜಾತಿಯಿದೆ. ಅದರಲ್ಲಿ ಕೇಳಿದವರ ತಪ್ಪೇನೂ ಇರುವುದಿಲ್ಲ. ವಿಕಿಮೀಡಿಯದ ದತ್ತಾಂಶ ಒಂದು ಮುಖ್ಯ ಸರ್ವರಿನಲ್ಲಿ ಬರೆಯಲ್ಪಟ್ಟು, ಅಲ್ಲಿಂದ ಹಲವು ಪ್ರತಿ ಸರ್ವರುಗಳಿಗೆ ಹರಿಯುತ್ತದೆ. ಓದುಗರಿಗೆ ಪುಟ ಬರುವುದು ಈ ಪ್ರತಿಗಳಿಂದ. ಬರವಣಿಗೆ ಜಾಸ್ತಿಯಾದರೆ ಪ್ರತಿಗಳು ಕೆಲವು ಸೆಕೆಂಡು ಹಿಂದೆ ಬೀಳುತ್ತವೆ. ಸಂಪಾದನೆ ಉಳಿಸಿದವರು ಪುಟ ತೆರೆದರೆ ಹಳೆಯದೇ ಕಾಣುವುದು ಅದಕ್ಕೆ. ಬಾಟುಗಳು ತಮ್ಮ ಕೋರಿಕೆಯಲ್ಲಿ `maxlag=5` ಎಂದು ಬರೆದರೆ ‘ಪ್ರತಿಗಳು ಐದು ಸೆಕೆಂಡಿಗಿಂತ ಹಿಂದೆ ಬಿದ್ದಿದ್ದರೆ ನನ್ನ ಕೆಲಸ ತೆಗೆದುಕೊಳ್ಳಬೇಡ’ ಎಂದು ತಾವಾಗಿಯೇ ಹೇಳಿದಂತೆ. ಹಿಂದೆ ಬಿದ್ದಿದ್ದರೆ ಉತ್ತರದಲ್ಲಿ `maxlag` ಎಂಬ ದೋಷಸಂಕೇತ ಬರುತ್ತದೆ, ಎಷ್ಟು ಸೆಕೆಂಡು ಹಿಂದಿದೆ ಎಂಬ ಲೆಕ್ಕ ಬರುತ್ತದೆ, ತಲೆಸಾಲಿನಲ್ಲಿ `Retry-After: 5` ಇರುತ್ತದೆ.

ತನ್ನನ್ನು ತಡೆಯುವ ಅಧಿಕಾರವನ್ನು ಕೇಳುವವರೇ ಕೊಟ್ಟುಬರುವ ಇಂಥ ಏರ್ಪಾಡು ಬೇರೆ ವೇದಿಕೆಗಳಲ್ಲಿ ಕಾಣುವುದು ಅಪರೂಪ. ಇದು ಒತ್ತಾಯವಲ್ಲ, `maxlag` ಬರೆಯದ ಸ್ಕ್ರಿಪ್ಟ್ ಸರ್ವರ್ ಏದುಸಿರು ಬಿಡುತ್ತಿದ್ದಾಗಲೂ ನುಗ್ಗಬಹುದು. ಬ್ರೌಸರಿನಲ್ಲಿ ಕೂತು ಕೈಯಾರೆ ತಿದ್ದುವವರು ಇದನ್ನು ಕಳಿಸುವುದಿಲ್ಲ, ಕಳಿಸಬೇಕಾಗಿಯೂ ಇಲ್ಲ. ಮನುಷ್ಯರಿಗೆ ದಾರಿ ಬಿಟ್ಟು ಯಂತ್ರ ಪಕ್ಕಕ್ಕೆ ನಿಲ್ಲಲಿ ಎಂಬುದೇ ಇದರ ಉದ್ದೇಶ. ವಿಕಿಡೇಟಾದಲ್ಲಿ ಈ ಲೆಕ್ಕಕ್ಕೆ ಪ್ರಶ್ನಸೇವೆಯ ಹಿಂದುಳಿಕೆಯನ್ನೂ ಸೇರಿಸುತ್ತಾರೆ. ಹಾಗಾಗಿ ಅಲ್ಲಿ ಬಾಟುಗಳು ಒಮ್ಮೊಮ್ಮೆ ಬಹಳ ಹೊತ್ತು ಬರಿದೇ ನಿಂತಿರುತ್ತವೆ. ಸ್ಕ್ರಿಪ್ಟ್ ಕೆಟ್ಟಿದೆ ಎಂದು ನಿಲ್ಲಿಸಿ ಮತ್ತೆ ಮತ್ತೆ ಚಾಲೂ ಮಾಡುವವರು ಲಾಗ್ ಕಡತದಲ್ಲಿ `maxlag` ಎಂಬ ಒಂದು ಪದವನ್ನು ಹುಡುಕಿದರೆ ಸಾಕು.

ಹೀಗೆ ಎರಡು ‘ತಡಿ’ಗಳ ಅರ್ಥ ಬೇರೆ ಬೇರೆ. ಮೊದಲನೆಯದು ‘ನಿನ್ನ ಪಾಲು ಮುಗಿಯಿತು’ ಎನ್ನುತ್ತದೆ, ಎರಡನೆಯದು ‘ನನ್ನ ಕೈ ತುಂಬಿದೆ’ ಎನ್ನುತ್ತದೆ. ಪಾಲು ಮುಗಿದಿದ್ದರೆ ಸ್ಕ್ರಿಪ್ಟಿನ ಹದ ತಪ್ಪಿದೆ. ಕಾದು ಮುಂದುವರಿದರೆ ಸಾಲದು, ಹದವನ್ನೇ ಇಳಿಸಬೇಕು. ಸರ್ವರಿನ ಕೈ ತುಂಬಿದ್ದರೆ ಹದದಲ್ಲಿ ದೋಷವಿಲ್ಲ; ಕಾಯುವುದೊಂದೇ ಕೆಲಸ. ಈ ಭೇದ ಮಾಡದ ಸ್ಕ್ರಿಪ್ಟ್ ಎಂಟು ಬರೆದು, ತಡೆಗೆ ಸಿಕ್ಕು, ಕಾದು, ಮತ್ತೆ ಎಂಟು ಬರೆದು ತಡೆಗೆ ಸಿಕ್ಕು ಕುಂಟುತ್ತಾ ಸಾಗುತ್ತದೆ. ನಿಮಿಷಕ್ಕೆ ಎಂಟರಂತೆ ಆರು ನೂರಕ್ಕೆ ಎಪ್ಪತ್ತೈದು ನಿಮಿಷ. ಉಳಿದದ್ದು ಇಪ್ಪತ್ತೈದು ನಿಮಿಷ. ಅದರ ಬದಲಿಗೆ ನಿಮಿಷಕ್ಕೊಂದು ಸಲ ಬೈಸಿಕೊಂಡದ್ದಾಯಿತು.

ವಿಕಿಯ ಹೊರಗೆ ಈ ಮಾತಿಗೆ ಒಂದು ಸಾಮಾನ್ಯ ಭಾಷೆಯಿದೆ. 2012ರ ಏಪ್ರಿಲ್‌ನಲ್ಲಿ ಬಂದ ಆರ್‌ಎಫ್‌ಸಿ 6585 ಎಂಬ ದಾಖಲೆ 429 ಎಂಬ ಸಂಕೇತವನ್ನು ‘ಕೋರಿಕೆ ವಿಪರೀತವಾಯಿತು’ ಎಂಬ ಅರ್ಥಕ್ಕೆಂದೇ ಮೀಸಲಿಟ್ಟಿತು. ಅದಕ್ಕೂ ಹಿಂದಿನ 503 ‘ಸೇವೆ ಸದ್ಯ ಸಿಗದು’ ಎನ್ನುತ್ತದೆ. ಎರಡರ ಜೊತೆಗೂ `Retry-After` ಬರಬಹುದು. ಅದನ್ನು ಬರೆಯುವ ರೀತಿ ಎರಡು: ಇಷ್ಟು ಸೆಕೆಂಡು ಎಂಬ ಅಂಕಿ, ಇಲ್ಲವೇ ಇಂಥ ದಿನ ಇಷ್ಟು ಗಂಟೆಗೆ ಎಂಬ ಪೂರ್ಣ ತಾರೀಖು. ಅಂಕಿಯೊಂದನ್ನೇ ನಿರೀಕ್ಷಿಸಿ ಬರೆದ ಸ್ಕ್ರಿಪ್ಟ್ ತಾರೀಖು ಕಂಡೊಡನೆ ಕುಸಿದುಬೀಳುತ್ತದೆ. ಕುಸಿಯುವುದು ಕೂಡ ಬೆಳಗಿನ ಜಾವ ಮೂರಕ್ಕೆ, ನೋಡುವವರಿಲ್ಲದಾಗ.

ಸರ್ವರ್ ಎಷ್ಟು ಹೊತ್ತೆಂದು ಹೇಳಿದ್ದರೆ ಅಷ್ಟನ್ನು ಪಾಲಿಸಬೇಕು. ಅಲ್ಲಿ ಬುದ್ಧಿವಂತಿಕೆಗೆ ಎಡೆಯಿಲ್ಲ. ಹೇಳದಿದ್ದಾಗ ಮಾತ್ರ ಸೂತ್ರ ಬೇಕು. ಆ ಸೂತ್ರ ಅಂತರ್ಜಾಲಕ್ಕಿಂತ ಹಳೆಯದು. 1970ರ ದಶಕದ ಆರಂಭದಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊ ಮೂಲಕ ಜೋಡಿಸಿ ಅಲೋಹಾ ಎಂದು ಹೆಸರಿಟ್ಟಿತು. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಮಾತು ಕೆಡುತ್ತಿತ್ತು. ಆಗ ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳಬೇಕು. ಅದೇ ಎಳೆ ಹಿಡಿದ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ 1976ರಲ್ಲಿ ಈಥರ್ನೆಟ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈಥರ್ನೆಟ್ಟಿನಲ್ಲಿ ಪ್ರತಿ ಡಿಕ್ಕಿಗೂ ಕಾಯುವ ಅವಧಿಯ ಗರಿಷ್ಠ ಮಿತಿ ಇಮ್ಮಡಿಯಾಗುತ್ತದೆ, ಅದರೊಳಗೆ ಯಾವುದೋ ಒಂದು ಗಳಿಗೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತಾರೆ. ಹತ್ತು ಸಲಕ್ಕೆ ಇಮ್ಮಡಿಸುವುದು ನಿಲ್ಲುತ್ತದೆ. ಹದಿನಾರನೆಯ ಯತ್ನವೂ ಸೋತರೆ ಕೈಬಿಟ್ಟು ಮೇಲಿನವರಿಗೆ ತಿಳಿಸುತ್ತದೆ. ಇಮ್ಮಡಿಸುವುದು, ಚೀಟಿ ಎತ್ತುವುದು, ಒಂದು ಕಡೆ ಸೋಲೊಪ್ಪುವುದು ಎಂಬ ಈ ಮೂರೂ ಇಂದಿನ ಸ್ಕ್ರಿಪ್ಟುಗಳಲ್ಲಿ ಹಾಗೆಯೇ ಉಳಿದಿವೆ.

ಚೀಟಿ ಎತ್ತುವುದರ ಬೆಲೆ ತುಂಗಭದ್ರಾ ಕಾಲುವೆಯ ಕೆಳಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಗೆ ನೀರು ಬಿಟ್ಟ ದಿನ ಮೇಲಿನ ಹೊಲಗಳವರೆಲ್ಲ ಒಂದೇ ಗಳಿಗೆಗೆ ತೂಬು ಎತ್ತಿದರೆ ಕೊನೆಭಾಗಕ್ಕೆ ನೀರು ಮುಟ್ಟುವುದಿಲ್ಲ. ಆ ಜಗಳಕ್ಕೇ ಸರದಿ, ವಾರಾಬಂದಿಗಳು ಹುಟ್ಟಿದ್ದು. ಸರ್ವರ್ ಒಂದು ಕ್ಷಣ ಮಲಗಿತೆನ್ನಿ. ಸಾವಿರ ಸ್ಕ್ರಿಪ್ಟುಗಳೂ ಒಂದೇ ಕ್ಷಣದಲ್ಲಿ ಸೋತು, ಎಲ್ಲವೂ ಸರಿಯಾಗಿ ಐದು, ಹತ್ತು, ಇಪ್ಪತ್ತು ಸೆಕೆಂಡು ಕಾದರೆ, ಐದನೆಯ ಸೆಕೆಂಡಿಗೆ ಸಾವಿರ, ಹದಿನೈದನೆಯದಕ್ಕೆ ಸಾವಿರ ಎಂದು ಒಟ್ಟಿಗೇ ನುಗ್ಗುತ್ತವೆ. ನಡುವೆ ಸರ್ವರ್ ಖಾಲಿ ಕೂತಿರುತ್ತದೆ. ಎಲ್ಲರೂ ವಿನಯದಿಂದಲೇ ಕಾದರು, ಆದರೂ ನೂಕುನುಗ್ಗಲು ತಪ್ಪಲಿಲ್ಲ. ಅಮೆಜಾನಿನ ಎಂಜಿನಿಯರ್ ಮಾರ್ಕ್ ಬ್ರೂಕರ್ 2015ರಲ್ಲಿ ಇದನ್ನು ಅಣಕುಪ್ರಯೋಗ ಮಾಡಿ ತೋರಿಸಿದರು. ಇಮ್ಮಡಿಸುವುದೊಂದೇ ಸಾಲದು, ಕಾಯುವ ಹೊತ್ತನ್ನು ಚದುರಿಸಿದಾಗ ಒಟ್ಟು ಕೋರಿಕೆಗಳೇ ಗಣನೀಯವಾಗಿ ಇಳಿಯುತ್ತವೆ ಎಂಬುದು ಅವರ ಫಲಿತಾಂಶ.

ಇಷ್ಟನ್ನೂ ಕೋಡಿನಲ್ಲಿ ಬರೆದರೆ ಆರೇ ಸಾಲು:

```python
def kaayu(n, headers):
    ra = headers.get("Retry-After", "")
    if ra.isdigit():
        return int(ra) + random.uniform(0, 2)
    top = min(120, 5 * 2**(n + 1))
    return random.uniform(5, top)
```

ಇಲ್ಲಿ `n` ಎಂದರೆ ಅದುವರೆಗೆ ಸತತವಾಗಿ ಎಷ್ಟು ಸಲ ಸೋತಿತು ಎಂಬ ಎಣಿಕೆ, ಸೊನ್ನೆಯಿಂದ ಶುರು. ಸರ್ವರ್ ಸೆಕೆಂಡು ಹೇಳಿದ್ದರೆ ಅದಕ್ಕಿಂತ ಮೊದಲು ಎಂದೂ ಹೋಗುವುದಿಲ್ಲ. ಮೇಲೆ ಎರಡು ಸೆಕೆಂಡಿನೊಳಗಿನ ಚದುರು. ಹೇಳದಿದ್ದರೆ ಐದು ಸೆಕೆಂಡಿನಿಂದ ಹೊರಟು, ಮೇಲ್ಮಿತಿ ಇಮ್ಮಡಿಯಾಗುತ್ತಾ, ಎರಡು ನಿಮಿಷಕ್ಕೆ ನಿಲ್ಲುತ್ತದೆ. ತಾರೀಖಿನ ರೂಪದ `Retry-After` ಬಂದರೆ ಈ ಕೋಡು ಅದನ್ನು ಓದದೆ ತನ್ನ ಸೂತ್ರಕ್ಕೇ ಬೀಳುತ್ತದೆ. ಕುಸಿಯುವುದಕ್ಕಿಂತ ವಾಸಿ, ಆದರೂ ಓದಿಸುವುದೇ ಒಳ್ಳೆಯದು. ಪೈವಿಕಿಬಾಟಿನ ಅಂಕಿಗಳೂ ಇವೇ: `retry_wait` ಐದು, `retry_max` ನೂರಿಪ್ಪತ್ತು, `max_retries` ಹದಿನೈದು. ಐದು, ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು ಸೇರಿ 155 ಸೆಕೆಂಡು. ಉಳಿದ ಹತ್ತು ಸಲ ಎರಡೆರಡು ನಿಮಿಷ. ಒಟ್ಟು ಸುಮಾರು ಇಪ್ಪತ್ತೆರಡೂವರೆ ನಿಮಿಷ. ಅಷ್ಟು ಹೊತ್ತಾದರೂ ಬಾಗಿಲು ತೆರೆಯದಿದ್ದರೆ ಸ್ಕ್ರಿಪ್ಟ್ ನಿಲ್ಲುತ್ತದೆ.

ಈ ಹದಿನೈದು ಎಂಬುದು ಒಂದು ಕಡೆ ಮಾತ್ರ ಇರಬೇಕು. ಬಲ್ಲವರೂ ಇಲ್ಲಿ ಎಡವುತ್ತಾರೆ. ಜಾಲಕೋರಿಕೆ ಕಳಿಸುವ ಗ್ರಂಥಾಲಯ ನಾಲ್ಕು ಸಲ ಯತ್ನಿಸುತ್ತದೆ. ಅದರ ಮೇಲಿನ ಬಾಟಿನ ಪದರ ತಾನೂ ನಾಲ್ಕು ಸಲ. ಇಷ್ಟು ಸಾಲದೆಂದು ಬರೆದವರು ತಮ್ಮ ಲೂಪಿನಲ್ಲಿ ಇನ್ನೊಂದು ನಾಲ್ಕು ಸೇರಿಸುತ್ತಾರೆ. ಒಂದು ಪುಟದ ಒಂದು ಬರವಣಿಗೆಗೆ ಅರವತ್ತನಾಲ್ಕು ಬಡಿತ! ಪ್ರತಿ ಪದರವನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಅತಿಯಲ್ಲ. ಗೂಗಲ್‌ನ ಎಂಜಿನಿಯರುಗಳು ಸರ್ವರ್ ನಿಭಾವಣೆಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಅರವತ್ತನಾಲ್ಕರ ಲೆಕ್ಕವನ್ನೇ ಕೊಟ್ಟು, ಮರುಯತ್ನ ಒಂದೇ ಪದರದಲ್ಲಿರಲಿ ಎನ್ನುತ್ತಾರೆ. ಸ್ಕ್ರಿಪ್ಟಿನ ಲಾಗಿನಲ್ಲಿ ‘ನಾಲ್ಕನೆಯ ಯತ್ನ’ ಎಂದಿದ್ದು, ಸರ್ವರಿನ ಕಡೆಯವರು ‘ನಿಮ್ಮಿಂದ ಅರವತ್ತು ಬಂದಿದೆ’ ಎಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪೈವಿಕಿಬಾಟ್ ಇದಕ್ಕೆ ಸೋದರಸಂಬಂಧಿಯಾದ ಇನ್ನೊಂದು ತೊಂದರೆಯನ್ನು ಮಾತ್ರ ಚೆಂದವಾಗಿ ನಿಭಾಯಿಸಿದೆ. ಒಂದೇ ಕಂಪ್ಯೂಟರಿನಲ್ಲಿ ಮೂರು ಸ್ಕ್ರಿಪ್ಟ್ ಓಡುತ್ತಿದ್ದರೆ ಮೂರೂ `throttle.ctrl` ಎಂಬ ಒಂದೇ ಕಡತದಲ್ಲಿ ತಮ್ಮ ಹಾಜರಿ ಹಾಕುತ್ತವೆ. ಎಷ್ಟು ಮಂದಿ ಇದ್ದಾರೆಂದು ನೋಡಿ ಒಬ್ಬೊಬ್ಬರೂ ತಮ್ಮ ವೇಗ ಇಳಿಸಿಕೊಳ್ಳುತ್ತಾರೆ. ಬೇರೆ ಬೇರೆ ಕಂಪ್ಯೂಟರುಗಳಿಂದ ಒಂದೇ ಖಾತೆ ಬಳಸಿದರೆ ಈ ಹಾಜರಿಪುಸ್ತಕ ಕೆಲಸಕ್ಕೆ ಬಾರದು.

ಕಾಯುವುದು ಕಲಿತ ಮೇಲೂ ಉಳಿಯುವ ಪ್ರಶ್ನೆಯೊಂದಿದೆ, ಅದೇ ಹೆಚ್ಚು ತೊಡಕಿನದು: ಸೋತಿತೆಂದು ತಿಳಿದ ಬರವಣಿಗೆ ನಿಜವಾಗಿಯೂ ಸೋತಿತೇ? `ratelimited`, `maxlag` ಬಂದಿದ್ದರೆ ಸರ್ವರ್ ಕೆಲಸ ಮುಟ್ಟಲಿಲ್ಲ ಎಂಬುದು ಖಚಿತ. ಆದರೆ ಉತ್ತರವೇ ಬಾರದೆ ಸಮಯ ಮೀರಿದ್ದರೆ, ಪುಟ ಉಳಿದು ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಸಂಜೆಯ ಹೊತ್ತು ಮೊಬೈಲ್ ಡೇಟಾದ ಮೇಲೆ ಸ್ಕ್ರಿಪ್ಟ್ ಓಡಿಸುವವರಿಗೆ ಇದು ದಿನದ ಮಾತು.

ಬಾದನಹಟ್ಟಿಯ ಪುಟವನ್ನೇ ತೆಗೆದುಕೊಂಡು ನೋಡಬಹುದು. ಸ್ಕ್ರಿಪ್ಟ್ ಪುಟದ ಪೂರ್ತಿ ಪಠ್ಯವನ್ನು ತಿದ್ದಿ ಕಳಿಸುವುದಾಗಿದ್ದರೆ ಎರಡನೆಯ ಸಲ ಕಳಿಸಿದರೂ ಬಾಧಕವಿಲ್ಲ. ಪಠ್ಯ ಅದೇ ಆಗಿರುವುದರಿಂದ ಮೀಡಿಯಾವಿಕಿ `nochange` ಎಂದು ಹೇಳಿ, ಇತಿಹಾಸದಲ್ಲಿ ಹೊಸ ಸಾಲನ್ನೂ ಸೇರಿಸದೆ ಬಿಡುತ್ತದೆ. ಅದರ ಬದಲು ‘ಈ ಗ್ರಾಮ ಈಗ ಕುರುಗೋಡು ತಾಲ್ಲೂಕಿನಲ್ಲಿದೆ’ ಎಂಬ ಸಾಲನ್ನು `appendtext` ಬಳಸಿ ಪುಟದ ಕೊನೆಗೆ ಅಂಟಿಸುವುದಾಗಿದ್ದರೆ, ಮೂರು ಯತ್ನದಲ್ಲಿ ಅದೇ ವಾಕ್ಯ ಮೂರು ಸಲ ಕೂರಬಹುದು. ವಿಕಿಡೇಟಾದಲ್ಲಿ ಇದು ಇನ್ನೂ ಕೆಟ್ಟದ್ದು. ಹೊಸ ಐಟಂ ಸೃಷ್ಟಿಸುವ ಕೋರಿಕೆಗೆ ಉತ್ತರ ಬರಲಿಲ್ಲವೆಂದು ಮತ್ತೆ ಕಳಿಸಿದರೆ ಒಂದೇ ಹಳ್ಳಿಗೆ ಎರಡು ಕ್ಯೂ ಸಂಖ್ಯೆ ಹುಟ್ಟಬಹುದು. ಆಮೇಲೆ ಯಾರೋ ಕೂತು ಎರಡನ್ನೂ ಹೋಲಿಸಿ ಒಂದಾಗಿಸಬೇಕು. ಆದ್ದರಿಂದ ಉತ್ತರ ಸಿಗದ ಬರವಣಿಗೆಯನ್ನು ಮರಳಿ ಕಳಿಸುವ ಮುನ್ನ ಪುಟವನ್ನು ಒಮ್ಮೆ ಓದಿ ನೋಡಲೇಬೇಕು. ಪ್ರತಿ ಸರ್ವರುಗಳು ಹಿಂದೆ ಬಿದ್ದಿದ್ದರೆ ಆ ಓದು ಕೂಡ ಹಳೆಯದನ್ನೇ ತೋರಿಸಬಹುದು ಎಂಬ ಕಾರಣಕ್ಕೆ ಓದುವುದಕ್ಕೂ ಮುಂಚೆ ಕೆಲವು ಸೆಕೆಂಡು ಬಿಡುವುದು ಕ್ಷೇಮ. ಹೊಸ ಪುಟವಾದರೆ `createonly`, ಇರುವ ಪುಟವಾದರೆ `nocreate` ಎಂಬ ಸೂಚನೆ ಜೊತೆಗಿಟ್ಟರೆ ಇನ್ನಷ್ಟು ಭದ್ರ.

ವಿಕಿಯ ಪಕ್ಕದಲ್ಲೇ ಕನ್ನಡದ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವ ಇನ್ನೊಂದು ಜಾಗ ಇಂಟರ್ನೆಟ್ ಆರ್ಕೈವ್. ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಅಲ್ಲಿನ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದಲ್ಲಿ ಸೇರುತ್ತಾ ಬಂದಿವೆ. ಇಂಥ ರಾಶಿ ಅಪ್‌ಲೋಡಿಗೆ ಅಲ್ಲಿ `ia` ಎಂಬ ಆಜ್ಞೆಯಿದೆ. ಪುಸ್ತಕಗಳ ವಿವರವನ್ನು ಒಂದು ಕೋಷ್ಟಕದಲ್ಲಿಟ್ಟು ಒಮ್ಮೆಗೇ ಹೊರಡಿಸಬಹುದು. ಒತ್ತಡ ಹೆಚ್ಚಿದಾಗ ಆರ್ಕೈವ್ 503ರ ಜೊತೆ `SlowDown` ಎಂದು ಉತ್ತರಿಸುತ್ತದೆ. ಅದಕ್ಕೆ ಆಜ್ಞೆಯಲ್ಲೇ ವ್ಯವಸ್ಥೆಯಿದೆ:

```
ia upload --spreadsheet=pustaka.csv --retries 10 --sleep 60
```

ಹತ್ತು ಸಲದವರೆಗೆ, ಪ್ರತಿ ಸಲ ಒಂದು ನಿಮಿಷ ಬಿಟ್ಟು, ಎಂದು ಅರ್ಥ. ಇದಕ್ಕಿಂತ ಸೊಗಸಾದ ಅನುಕೂಲವೊಂದು ಅಲ್ಲಿದೆ. `check_limit=1` ಎಂಬ ಪ್ರಶ್ನೆಯನ್ನು ಮೊದಲೇ ಕೇಳಿದರೆ ಉತ್ತರದಲ್ಲಿ `over_limit` ಸೊನ್ನೆಯೋ ಒಂದೋ ಎಂದು ಬರುತ್ತದೆ. ಒಂದು ಎಂದಿದ್ದರೆ ಈಗ ಹೊರಡಬೇಡಿ. ಇನ್ನೂರು ಎಂಬಿಯ ಪುಸ್ತಕವನ್ನು ಪೂರ್ತಿ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ಬೇಡವೆನಿಸಿಕೊಳ್ಳುವುದಕ್ಕಿಂತ ಹೊರಡುವ ಮೊದಲೇ ಕೇಳುವುದು ಎಷ್ಟೋ ಮೇಲು. ವಿಕಿಯ ಎರಡು ಕೆಬಿ ಪುಟಕ್ಕೂ ಆರ್ಕೈವಿನ ಪುಸ್ತಕಕ್ಕೂ ಮರುಯತ್ನದ ಖರ್ಚು ಒಂದೇ ಅಲ್ಲ.

ಸೆಕೆಂಡಿನ ಲೆಕ್ಕದ ತಾಳ್ಮೆ ಕೆಲಸಕ್ಕೇ ಬಾರದ ತಡೆಗಳೂ ಇವೆ. ಯೂಟ್ಯೂಬ್ ಎಪಿಐ ಒಂದು ಯೋಜನೆಗೆ ದಿನಕ್ಕೆ ಹತ್ತು ಸಾವಿರ ಅಂಶಗಳ ಪಾಲು ಕೊಡುತ್ತದೆ. ಮುಗಿದರೆ `quotaExceeded` ಎಂಬ 403. ಎರಡು ನಿಮಿಷ ಬಿಟ್ಟು ಕೇಳಿದರೂ ಎರಡು ಗಂಟೆ ಬಿಟ್ಟು ಕೇಳಿದರೂ ಅದೇ ಉತ್ತರ, ಏಕೆಂದರೆ ಪಾಲು ಮತ್ತೆ ತುಂಬುವುದು ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ. ಬಳ್ಳಾರಿಯ ಗಡಿಯಾರದಲ್ಲಿ ಅದು ಅಲ್ಲಿನ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಬೆಳಗ್ಗೆ ಎದ್ದು ‘ಹೊಸ ದಿನ ಬಂತಲ್ಲ, ಇನ್ನೂ ಯಾಕೆ ಬಿಡುತ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಷ್ಟೇ.

ಕಾಲೇಜಿನ ಲ್ಯಾಬಿನಲ್ಲಿ ವಿಕಿಪೀಡಿಯ ಕಾರ್ಯಾಗಾರ ಮಾಡಿದವರಿಗೆ ಪರಿಚಯವಿರುವ ತಡೆ ಇನ್ನೊಂದು. ಒಂದೇ ಐಪಿ ವಿಳಾಸದಿಂದ ದಿನಕ್ಕೆ ಆರು ಖಾತೆಗಿಂತ ಹೆಚ್ಚು ತೆರೆಯಲು ಬಿಡುವುದಿಲ್ಲ. ಮೂವತ್ತು ವಿದ್ಯಾರ್ಥಿಗಳು ಕೂತಿರುವಾಗ ಏಳನೆಯವರಿಗೆ ಬಾಗಿಲು ಮುಚ್ಚುತ್ತದೆ. ಇಲ್ಲಿ ಮರುಯತ್ನದ ಮಾತೇ ಇಲ್ಲ; ಕಾರ್ಯಾಗಾರದ ದಿನಾಂಕ, ಐಪಿ ವಿಳಾಸ ತಿಳಿಸಿ ಮುಂಚಿತವಾಗಿ ವಿನಾಯಿತಿ ಕೇಳಿರಬೇಕು, ಇಲ್ಲವೇ ಮನೆಯಿಂದಲೇ ಖಾತೆ ತೆರೆದು ಬರಲು ಹೇಳಿರಬೇಕು.

ಮನುಷ್ಯರಿಗೆ ತೋರಬೇಕಾದ ಸೌಜನ್ಯವನ್ನು ಯಾವ ಸಂಕೇತವೂ ನೆನಪಿಸುವುದಿಲ್ಲ. ಕನ್ನಡ ವಿಕಿಪೀಡಿಯದಂಥ ಸಣ್ಣ ಸಮುದಾಯದಲ್ಲಿ ಇತ್ತೀಚಿನ ಬದಲಾವಣೆಗಳ ಪಟ್ಟಿಯನ್ನು ದಿನವೂ ಕಣ್ಣಾಡಿಸುವವರು ಕೆಲವೇ ಮಂದಿ. ಪಟ್ಟಿ ಒಮ್ಮೆಗೆ ತೋರಿಸುವುದು ಐವತ್ತು ಸಾಲು. ಬಾಟ್ ಗುರುತಿಲ್ಲದ ಖಾತೆಯಿಂದ ನಿಮಿಷಕ್ಕೆ ತೊಂಬತ್ತು ತಾಲ್ಲೂಕು ತಿದ್ದುಪಡಿ ಸುರಿದರೆ ಸರ್ವರಿಗೆ ಏನೂ ಅನ್ನಿಸದಿರಬಹುದು. ಆದರೆ ಅದೇ ನಿಮಿಷದಲ್ಲಿ ಯಾರೋ ಒಂದು ಪುಟಕ್ಕೆ ಬೈಗುಳ ಬರೆದುಹೋದದ್ದು ಆ ಹೊಳೆಯಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕಾಗಿಯೇ ಹಲವು ವಿಕಿಗಳ ಬಾಟ್ ನೀತಿಗಳು ಒಪ್ಪಿಗೆ ಸಿಗುವವರೆಗೆ ನಿಮಿಷಕ್ಕೆ ಒಂದರಂತೆ ನಡೆಯಿರಿ, ಸಿಕ್ಕ ಮೇಲೆ ಅವಸರವಿಲ್ಲದ ಕೆಲಸಕ್ಕೆ ಹತ್ತು ಸೆಕೆಂಡಿಗೊಂದು ಎನ್ನುತ್ತವೆ. ನಿಮಿಷಕ್ಕೊಂದರಂತೆ ಆರು ನೂರಕ್ಕೆ ಹತ್ತು ಗಂಟೆ. ರಾತ್ರಿ ಹಚ್ಚಿಟ್ಟರೆ ಬೆಳಗಿಗೆ ಮುಗಿಯುತ್ತದೆ. ಕುರುಗೋಡು ತಾಲ್ಲೂಕಾಗಿ ಇಷ್ಟು ವರ್ಷವಾದ ಮೇಲೆ ಒಂದು ರಾತ್ರಿಯ ಅವಸರ ಯಾರಿಗೂ ಇರಲಾರದು. ಸ್ಕ್ರಿಪ್ಟಿನ ಯೂಸರ್ ಏಜೆಂಟ್ ಸಾಲಿನಲ್ಲಿ ಓಡಿಸುತ್ತಿರುವವರನ್ನು ಸಂಪರ್ಕಿಸುವ ದಾರಿ ಇರಬೇಕೆಂಬ ನಿಯಮವೂ ಇದರದ್ದೇ ಮುಂದುವರಿಕೆ. ಏನಾದರೂ ಕೆಟ್ಟರೆ ಖಾತೆಯನ್ನು ತಡೆಹಿಡಿಯುವ ಮುಂಚೆ ಕರೆದು ಹೇಳಲಾದರೂ ಒಂದು ವಿಳಾಸ ಬೇಕಲ್ಲ.

ಹತ್ತು ಗಂಟೆ ಓಡುವ ಕೆಲಸ ನಡುವೆ ಒಮ್ಮೆಯಾದರೂ ನಿಲ್ಲುತ್ತದೆ ಎಂದೇ ಭಾವಿಸಬೇಕು. ಕರೆಂಟು ಹೋಗಬಹುದು. ವಿಕಿಮೀಡಿಯದವರು ವರ್ಷಕ್ಕೆರಡು ಬಾರಿ ತಮ್ಮ ಮುಖ್ಯ ದತ್ತಾಂಶ ಕೇಂದ್ರವನ್ನು ಅದಲುಬದಲು ಮಾಡುವಾಗ ಕೆಲವು ನಿಮಿಷ ಎಲ್ಲ ವಿಕಿಗಳೂ ಓದುವುದಕ್ಕೆ ಮಾತ್ರ ತೆರೆದಿರುತ್ತವೆ. ಆಗ ಬರುವ ಸಂಕೇತ `readonly`. ಆದ್ದರಿಂದ ಯಾವ ಹಳ್ಳಿ ಆಯಿತು, ಯಾವುದು ಬಾಕಿ ಎಂದು ಪ್ರತಿ ಬರವಣಿಗೆಯ ಬೆನ್ನಿಗೇ ಒಂದು ಕಡತದಲ್ಲಿ ಸಾಲು ಬರೆದಿಡುವುದು ಸೂತ್ರಕ್ಕಿಂತ ಮುಖ್ಯ. ಇದಿಲ್ಲದ ಸ್ಕ್ರಿಪ್ಟ್ ಮುನ್ನೂರನೆಯ ಪುಟದಲ್ಲಿ ಬಿದ್ದರೆ ಮತ್ತೆ ಒಂದರಿಂದ ಶುರುಮಾಡುತ್ತದೆ. ಆಗಿಹೋದ ಮುನ್ನೂರಕ್ಕೂ ಹೊಸದಾಗಿ ಪಾಲು ಸುಡುತ್ತದೆ.

ಆ ಕಡತದಲ್ಲಿ ಮೂರನೆಯ ಗುಂಪೂ ಒಂದಿರುತ್ತದೆ. `protectedpage` ಎಂದರೆ ಪುಟಕ್ಕೆ ಬೀಗ ಹಾಕಿದ್ದಾರೆ. `abusefilter-disallowed` ಎಂದರೆ ಸಮುದಾಯ ಇಟ್ಟ ಜರಡಿ ಈ ಬರವಣಿಗೆಯನ್ನು ಬೇಡವೆಂದಿದೆ. `editconflict` ಎಂದರೆ ಸ್ಕ್ರಿಪ್ಟ್ ಪುಟ ಓದಿ ಬರೆಯುವ ನಡುವೆ ಯಾರೋ ಅದನ್ನು ತಿದ್ದಿದ್ದಾರೆ. ಹೊಸದಾಗಿ ಓದದೆ ಹಳೆಯ ಪಠ್ಯವನ್ನೇ ಮತ್ತೆ ತುರುಕಿದರೆ ಅವರು ಬರೆದದ್ದು ಅಳಿಯುತ್ತದೆ. ಇವಕ್ಕೆ ಇಪ್ಪತ್ತೆರಡು ನಿಮಿಷವಲ್ಲ, ಇಪ್ಪತ್ತೆರಡು ದಿನ ಕಾದರೂ ಉತ್ತರ ಬದಲಾಗದು. ಸ್ಕ್ರಿಪ್ಟ್ ಇಂಥವನ್ನು ಒಂದೇ ಸಲಕ್ಕೆ ಬಿಟ್ಟು, ಹೆಸರು ಬರೆದಿಟ್ಟು ಮುಂದೆ ಹೋಗಬೇಕು. ಬೆಳಗ್ಗೆ ಕಡತ ತೆರೆದರೆ ಹೀಗೆ ಉಳಿದ ಹತ್ತೆಂಟು ಹೆಸರಿರುತ್ತವೆ. ಒಂದಕ್ಕೆ ಬೀಗ, ಇನ್ನೊಂದರಲ್ಲಿ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯೂ ಕುರುಗೋಡಿನ ಒಂದು ಹಳ್ಳಿಯೂ ಒಂದೇ ಹೆಸರಿನವಾಗಿ ಒಂದೇ ಪುಟದಲ್ಲಿ ಕೂತಿರಬಹುದು. ಅವನ್ನು ಒಂದೊಂದಾಗಿ ತೆರೆದು ಕೈಯಾರೆ ತಿದ್ದಬೇಕು, ನಿಮಿಷಕ್ಕೆ ಎಂಟನ್ನು ಮೀರುವ ಭಯವಿಲ್ಲದೆ.